ರಾಜ್ಯೋತ್ಸವದ ಭಾಷಣದಲ್ಲಿ ‘ಶಾಲೆ’ ಅನ್ನಬೇಕಾ, ‘ಸಾಲಿ’ ಅನ್ನಬೇಕಾ?

ಹಾವೇರಿ: ನವೆಂಬರ್ 1 ಬಂತೆಂದರೆ ಜಿಲ್ಲೆಯ ಹಳ್ಳಿ ಹಳ್ಳಿಯಲ್ಲೂ ಶಾಮಿಯಾನ ಏಳುತ್ತೆ, ಮೈಕ್ ಬರುತ್ತೆ, ಭುವನೇಶ್ವರಿ ತಾಯಿಯ ಫೋಟೋಕ್ಕೆ ಹಾರ ಬೀಳುತ್ತೆ. ಗ್ರಾಮ ಪಂಚಾಯಿತಿ ಸದಸ್ಯರು, ಎಸ್‌ಡಿಎಂಸಿ ಅಧ್ಯಕ್ಷರು, ಯುವಕ ಸಂಘದ ಕಾರ್ಯದರ್ಶಿ, ಸ್ವಸಹಾಯ ಸಂಘದ ಪ್ರತಿನಿಧಿ, ಹೀಗೆ ವರ್ಷವಿಡೀ ಮೈಕ್ ಮುಟ್ಟದವರೂ ಅಂದು ಐದು ನಿಮಿಷ ಮಾತನಾಡಲೇಬೇಕು. ಅವರಲ್ಲಿ ಬಹಳಷ್ಟು ಜನರನ್ನು ಹಿಂದಿನ ರಾತ್ರಿ ಕಾಡುವುದು ಏನು ಹೇಳಬೇಕು ಅನ್ನೋದಲ್ಲ. ಹೇಳುವ ವಿಷಯ ಗೊತ್ತೇ ಇರುತ್ತೆ. ಅದನ್ನು ಪುಸ್ತಕದ ಕನ್ನಡದಲ್ಲಿ ಹೇಳಬೇಕಾ, ನಮ್ಮ ಮನೆಯ ಕನ್ನಡದಲ್ಲಿ ಹೇಳಬೇಕಾ ಅನ್ನೋದೇ ತೊಡಕು.

ಪುಸ್ತಕದ ಕನ್ನಡದಲ್ಲಿ ಹೇಳಿದರೆ ಹಿಂದಿನ ಸಾಲಿನವರು ಹರಟೆಗೆ ಇಳಿಯುತ್ತಾರೆ. ಮನೆಯ ಕನ್ನಡದಲ್ಲಿ ಹೇಳಿದರೆ ‘ಇವರಿಗೆ ಸಭೆಯಲ್ಲಿ ಮಾತಾಡೋಕೆ ಬರಲ್ಲ’ ಅಂದಾರು ಅನ್ನುವ ಅಳುಕು. ಹಾಗಾದರೆ ಯಾವುದನ್ನು ಆರಿಸಿಕೊಳ್ಳಬೇಕು? ಇಡೀ ಭಾಷಣಕ್ಕೆ ಒಂದೇ ಉತ್ತರ ಇಲ್ಲ. ಭಾಷಣದ ಯಾವ ಭಾಗ ಯಾರಿಗಾಗಿ ಅನ್ನೋದು ಗೊತ್ತಾದರೆ ಉತ್ತರ ತಾನಾಗಿ ಸಿಗುತ್ತೆ.

ವ್ಯತ್ಯಾಸ ಇರೋದು ಎಲ್ಲಿ?

ಬರೆಯುವ ಕನ್ನಡ ಇದ್ದ ಹಾಗೆ ಯಾರೂ ಮನೆಯಲ್ಲಿ ಮಾತನಾಡುವುದಿಲ್ಲ. ಮೈಸೂರಿನವರೂ ಇಲ್ಲ, ಧಾರವಾಡದವರೂ ಇಲ್ಲ. ‘ಮಾಡುತ್ತಾರೆ’ ಎಂದು ಬರೆಯುವ ಮೈಸೂರಿನವರು ‘ಮಾಡ್ತಾರೆ’ ಅನ್ನುತ್ತಾರೆ, ಈ ಕಡೆಯವರು ‘ಮಾಡ್ತಾರ’ ಅನ್ನುತ್ತಾರೆ. ಬರಹದ ‘ಮನೆಯಲ್ಲಿ’ ಅಲ್ಲಿ ‘ಮನೇಲಿ’ ಆದರೆ ಇಲ್ಲಿ ‘ಮನ್ಯಾಗ’. ಬರಹದ ‘ಇದೆ’ ಇಲ್ಲಿ ‘ಐತಿ’. ಬರಹದಲ್ಲಿ ‘ಎಂದು’ ಇರುವ ಕಡೆ ಎಲ್ಲರ ಬಾಯಲ್ಲೂ ‘ಅಂತ’. ಕನ್ನಡ ಬರವಣಿಗೆ ಆಡುಮಾತಿಗೆ ಹತ್ತಿರ ಬರಬೇಕು ಎಂದು ಭಾಷಾಶಾಸ್ತ್ರಜ್ಞ ಡಿ.ಎನ್. ಶಂಕರ ಭಟ್ಟರು ಬಹಳ ವರ್ಷ ವಾದಿಸಿದ್ದು ಈ ಅಂತರವನ್ನು ಕಂಡೇ.

ನಮ್ಮ ಜಿಲ್ಲೆಯಲ್ಲಿ ಈ ಅಂತರ ಇನ್ನೂ ಸ್ವಲ್ಪ ಸಂಕೀರ್ಣ. ಶಿಗ್ಗಾವಿ ಧಾರವಾಡಕ್ಕೆ ಅಂಟಿಕೊಂಡಿದೆ, ರಾಣೆಬೆನ್ನೂರು ದಾವಣಗೆರೆ ಕಡೆಗೆ, ಹಿರೇಕೆರೂರು ಶಿವಮೊಗ್ಗ ಕಡೆಗೆ. ಒಂದೇ ಜಿಲ್ಲೆಯ ಎರಡು ತುದಿಯ ಮಾತು ಒಂದೇ ಥರ ಇರೋದಿಲ್ಲ. ಜೊತೆಗೆ ಮನೆಯಲ್ಲಿ ಲಂಬಾಣಿ ಅಥವಾ ಉರ್ದು ಮಾತನಾಡುವ ಕುಟುಂಬಗಳೂ ಸಭೆಯಲ್ಲಿ ಕೂತಿರುತ್ತವೆ. ಅವರು ಕನ್ನಡ ಕಲಿತದ್ದು ಸಂತೆಯಲ್ಲಿ, ಹೊಲದಲ್ಲಿ, ಅಕ್ಕಪಕ್ಕದವರ ಬಾಯಿಂದ.

ಆದರೆ ಭಾಷಣ ಬರೆಯುವವರು ಗಮನಿಸಬೇಕಾದ ಮುಖ್ಯ ಸಂಗತಿ ಬೇರೆಯೇ ಇದೆ. ‘ಶಿಷ್ಟ ಕನ್ನಡ’ ಅನ್ನುವಾಗ ನಾವು ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತೇವೆ. ಒಂದು, ಮಾತಿನ ಬಾಲ, ಅಂದರೆ ಪದದ ಕೊನೆಗೆ ಬರುವ ಪ್ರತ್ಯಯ ಮತ್ತು ಕ್ರಿಯಾಪದದ ರೂಪ: ‘ಮಾಡುತ್ತಾರೆ’ ಅನ್ನಬೇಕಾ, ‘ಮಾಡ್ತಾರ’ ಅನ್ನಬೇಕಾ ಎಂಬುದು. ಇನ್ನೊಂದು, ಪದಗಳ ಆಯ್ಕೆ: ‘ಹಾಜರಾತಿಯಲ್ಲಿ ಗಣನೀಯ ಇಳಿಕೆ’ ಅನ್ನಬೇಕಾ, ‘ಹುಡುಗರು ಬರೋದು ಕಡಿಮೆಯಾಗಿದೆ’ ಅನ್ನಬೇಕಾ ಎಂಬುದು.

ಇವೆರಡೂ ಒಟ್ಟಿಗೇ ಹೋಗಬೇಕು ಅಂತೇನಿಲ್ಲ. ಬಾಲ ಪುಸ್ತಕದ್ದೇ ಇದ್ದು ಪದ ಸರಳ ಇರಬಹುದು. ‘ಈಗ ಹತ್ತಿ ಬಿಡಿಸುವ ಸಮಯ. ಮನೆಯಲ್ಲಿ ಆಳು ಸಾಲುವುದಿಲ್ಲ’ ಅನ್ನುವುದು ಪೂರ್ತಿ ಬರಹದ ವ್ಯಾಕರಣವೇ, ಆದರೆ ಅರ್ಥವಾಗದವರು ಯಾರೂ ಇರಲಿಕ್ಕಿಲ್ಲ. ಸಭೆಯಲ್ಲಿ ಜನರಿಗೆ ಮಾತು ದಾಟದೇ ಹೋಗುವುದು ‘ಮಾಡುತ್ತಾರೆ’ ಎಂಬ ಬಾಲದಿಂದಲ್ಲ. ಅದನ್ನು ಎಲ್ಲರೂ ಟಿವಿಯಲ್ಲಿ, ರೇಡಿಯೋದಲ್ಲಿ, ಶಾಲೆಯಲ್ಲಿ ಕೇಳಿದ್ದಾರೆ. ಮಾತು ನಿಲ್ಲುವುದು ಭಾರದ ಪದಗಳಿಂದ ಮತ್ತು ಉದ್ದದ ವಾಕ್ಯಗಳಿಂದ. ಆದ್ದರಿಂದ ಆಡುಮಾತು ಬಾಯಿಗೆ ಬರಲು ನಾಚಿಕೆಯಾದರೆ ಬಾಲವನ್ನು ಹಾಗೇ ಬಿಟ್ಟು, ಪದ ಮತ್ತು ವಾಕ್ಯವನ್ನಷ್ಟೇ ಹಗುರ ಮಾಡಿದರೂ ಅರ್ಧ ಕೆಲಸ ಆದಂತೆಯೇ.

ಒಂದು ಭಾಷಣ, ಮೂರು ರೂಪ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ರಾಜ್ಯೋತ್ಸವ. ವೇದಿಕೆ ಮೇಲೆ ಶಿಕ್ಷಣ ಇಲಾಖೆಯ ಅಧಿಕಾರಿ, ಪಂಚಾಯಿತಿ ಅಧ್ಯಕ್ಷರು, ನಿವೃತ್ತ ಮೇಷ್ಟ್ರು. ಮುಂದೆ ನೆಲದ ಮೇಲೆ ಮಕ್ಕಳು. ಹಿಂದೆ ಕುರ್ಚಿಯಲ್ಲಿ ಊರ ಹಿರಿಯರು, ಬದಿಯಲ್ಲಿ ನಿಂತ ತಾಯಂದಿರು. ಎಸ್‌ಡಿಎಂಸಿ ಅಧ್ಯಕ್ಷರಿಗೆ ಐದು ನಿಮಿಷ ಕೊಟ್ಟಿದ್ದಾರೆ. ಅವರು ನಾಡಹಬ್ಬದ ಎರಡು ಮಾತು ಹೇಳಬೇಕು, ಶಾಲೆಗೆ ನೆರವು ಕೊಟ್ಟವರನ್ನು ನೆನೆಯಬೇಕು. ಆದರೆ ಅವರ ಮನಸ್ಸಿನಲ್ಲಿ ಇರುವ ನಿಜವಾದ ವಿಷಯ ಒಂದೇ: ಹತ್ತಿ ಬಿಡಿಸುವ ದಿನಗಳು ಬಂದಿವೆ, ದೊಡ್ಡ ತರಗತಿಯ ಮಕ್ಕಳನ್ನು ಮನೆಯವರು ಹೊಲಕ್ಕೆ ಕರೆದುಕೊಂಡು ಹೋಗುತ್ತಾರೆ, ಅದು ನಿಲ್ಲಬೇಕು.

ಮೊದಲು ಹಾಳೆಯ ಮೇಲೆ ಬರುವುದು ಸಾಮಾನ್ಯವಾಗಿ ಹೀಗೆ:

‘ಸುಗ್ಗಿಯ ಅವಧಿಯಲ್ಲಿ ಪೋಷಕರು ತಮ್ಮ ಮಕ್ಕಳನ್ನು ಹತ್ತಿ ಬಿಡಿಸುವ ಕಾರ್ಯಕ್ಕೆ ಕರೆದೊಯ್ಯುತ್ತಿರುವುದರಿಂದ ಶಾಲೆಯ ಹಾಜರಾತಿಯಲ್ಲಿ ಗಣನೀಯ ಇಳಿಕೆ ಕಂಡುಬಂದಿರುತ್ತದೆ. ಆದ್ದರಿಂದ ಮಕ್ಕಳನ್ನು ನಿಯಮಿತವಾಗಿ ಶಾಲೆಗೆ ಕಳುಹಿಸಬೇಕೆಂದು ಈ ಮೂಲಕ ಕೋರಲಾಗಿದೆ.’

ಇದು ತಪ್ಪು ಕನ್ನಡವಲ್ಲ. ಇಲಾಖೆಗೆ ಬರೆಯುವ ಪತ್ರಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಕಿವಿಗೆ ಇದು ಒದಗುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತೆ. ಮೊದಲ ವಾಕ್ಯದಲ್ಲಿ ಹದಿನಾಲ್ಕು ಪದಗಳಿವೆ, ಏನಾಯಿತು ಅನ್ನೋದು ತಿಳಿಯುವುದು ಹದಿನಾಲ್ಕನೆಯ ಪದದಲ್ಲಿ. ಓದುವವರು ಕಣ್ಣನ್ನು ಹಿಂದಕ್ಕೆ ಹಾಯಿಸಬಹುದು, ಕೇಳುವವರು ಹಾಗೆ ಮಾಡಲಾರರು. ಕಂಬಕ್ಕೆ ಕಟ್ಟಿದ ಕಹಳೆಯಂಥ ಸ್ಪೀಕರಿನಲ್ಲಿ ದನಿ ಗೋಡೆಗೆ ಬಡಿದು ಮರಳಿ ಬರುವಾಗ ‘ಕರೆದೊಯ್ಯುತ್ತಿರುವುದರಿಂದ’ ಅನ್ನುವಂಥ ಪದ ಅರ್ಧಕ್ಕರ್ಧ ಗಾಳಿಯಲ್ಲೇ ಕರಗುತ್ತೆ.

ಇನ್ನೊಂದು ದೋಷ ಇದಕ್ಕಿಂತ ದೊಡ್ಡದು. ‘ಕೋರಲಾಗಿದೆ’ ಅಂದರೆ ಕೋರಿದವರು ಯಾರು? ‘ಪೋಷಕರು’ ಅಂದರೆ ಯಾರು? ಬದಿಯಲ್ಲಿ ನಿಂತ ತಾಯಿಗೆ ಈ ಮಾತು ತನಗೇ ಹೇಳಿದ್ದು ಅನ್ನಿಸುವುದೇ ಇಲ್ಲ. ಕಚೇರಿಯ ಕನ್ನಡದಲ್ಲಿ ‘ಮಾಡಲಾಗಿದೆ’, ‘ತಿಳಿಸಲಾಗಿದೆ’, ‘ಬಂದಿರುತ್ತದೆ’ ಎಂಬ ರೂಪಗಳು ಹೆಚ್ಚು, ಏಕೆಂದರೆ ಅಲ್ಲಿ ಮಾತನಾಡುವುದು ಕಚೇರಿಯೇ ಹೊರತು ಮನುಷ್ಯರಲ್ಲ. ವೇದಿಕೆ ಮೇಲೆ ನಿಂತವರು ಮನುಷ್ಯರು, ಅದೂ ಊರಿಗೆಲ್ಲ ಗುರುತಿರುವವರು.

ಇದನ್ನು ಯಾರಾದರೂ ‘ಸ್ವಲ್ಪ ನಮ್ಮ ಮಾತಿನಾಗ ಹೇಳ್ರಿ’ ಅಂದಾಗ ಎರಡನೆಯ ರೂಪ ಹುಟ್ಟುತ್ತೆ:

‘ಸುಗ್ಗಿಯ ಅವಧಿಯೊಳಗ ಪೋಷಕರು ತಮ್ಮ ಮಕ್ಕಳನ್ನು ಹತ್ತಿ ಬಿಡಿಸಾಕ ಕರೆದೊಯ್ಯುತ್ತಿರುವುದರಿಂದ ಹಾಜರಾತಿ ಗಣನೀಯವಾಗಿ ಕಡಿಮಿ ಆಗೇತಿ.’

ಇದು ಮೊದಲನೆಯದಕ್ಕಿಂತ ಕೆಟ್ಟದ್ದು. ವಾಕ್ಯದ ಎಲುಬು ಪುಸ್ತಕದ್ದು, ಅಲ್ಲಲ್ಲಿ ಅಂಟಿಸಿದ ಬಾಲ ಮಾತ್ರ ಊರಿನದು. ಉದ್ದ ಕಡಿಮೆಯಾಗಲಿಲ್ಲ, ಭಾರದ ಪದ ಹಾಗೇ ಉಳಿಯಿತು. ‘ಗಣನೀಯವಾಗಿ’ ಅಂದ ಬಾಯಿ ಕೂಡಲೇ ‘ಕಡಿಮಿ ಆಗೇತಿ’ ಅಂದರೆ ಮಕ್ಕಳು ಕಿಸಕ್ಕನೆ ನಗುತ್ತಾರೆ. ಆಡುಮಾತಿನಲ್ಲಿ ಭಾಷಣ ಮಾಡಿ ಕೈಸುಟ್ಟುಕೊಂಡೆವು ಅನ್ನುವವರಲ್ಲಿ ಹೆಚ್ಚಿನವರು ನಿಜವಾಗಿ ಮಾಡಿರುವುದು ಇದನ್ನೇ. ನಗು ಬಂದದ್ದು ಆಡುಮಾತಿಗಲ್ಲ, ಒಂದೇ ವಾಕ್ಯದಲ್ಲಿ ಎರಡನ್ನೂ ಕಲಸಿದ್ದಕ್ಕೆ.

ಮೂರನೆಯ ರೂಪ ಬರೆಯುವುದಕ್ಕಿಂತ ಮೊದಲು ಮಾತಾಡಿ ನೋಡಿದಾಗ ಮಾತ್ರ ಸಿಗುತ್ತೆ:

‘ನೋಡ್ರಿ, ಈಗ ಹತ್ತಿ ಬಿಡಿಸೂ ಟೈಮು. ಮನ್ಯಾಗ ಆಳು ಸಾಲೂದಿಲ್ಲ, ಅದು ಖರೇನ. ಆದ್ರ ಆರನೇ ಕ್ಲಾಸಿನ ಹುಡುಗ ಹದಿನೈದು ದಿನ ಸಾಲಿ ಬಿಟ್ಟ ಅಂದ್ರ, ಅವಗ ಮುಂದಿನ ಲೆಕ್ಕ ತಿಳಿಯೂದಿಲ್ಲ. ತಿಳೀಲಿಲ್ಲ ಅಂದ್ರ ಬರಾಕ ಮನಸಾಗೂದಿಲ್ಲ. ಅದಕ್ಕ ಅವ್ವಂದಿರಿಗೆ ಕೈಮುಗದು ಕೇಳ್ತೀನ್ರಿ, ಮಕ್ಕಳನ್ನ ಸಾಲಿ ಬಿಡಿಸಿ ಹೊಲಕ್ಕ ಕರಕೊಂಡು ಹೋಗಬ್ಯಾಡ್ರಿ.’

ಇಲ್ಲಿ ಬದಲಾದದ್ದು ಬರೀ ಬಾಲವಲ್ಲ. ಒಂದು ಉದ್ದನೆಯ ವಾಕ್ಯ ಐದಾರು ಸಣ್ಣ ತುಂಡಾಗಿದೆ. ಒಂದೊಂದರಲ್ಲೂ ಒಂದೊಂದೇ ವಿಷಯ. ‘ಪೋಷಕರು’ ಹೋಗಿ ‘ಅವ್ವಂದಿರು’ ಬಂದರು. ‘ಹಾಜರಾತಿ’ ಹೋಗಿ ಆರನೇ ಕ್ಲಾಸಿನ ಹುಡುಗ ಬಂದ. ‘ಕೋರಲಾಗಿದೆ’ ಹೋಗಿ ‘ಕೇಳ್ತೀನ್ರಿ’ ಬಂತು, ಅಂದರೆ ಕೇಳುವವರು ಯಾರು ಅನ್ನೋದು ಸ್ಪಷ್ಟವಾಯಿತು. ‘ಆಳು ಸಾಲೂದಿಲ್ಲ, ಅದು ಖರೇನ’ ಅನ್ನುವ ಮಾತು ಮೊದಲ ರೂಪದಲ್ಲಿ ಇರಲೇ ಇಲ್ಲ. ಪುಸ್ತಕದ ಭಾಷೆಯಲ್ಲಿ ಬರೆಯುವಾಗ ಎದುರಿನವರ ಕಷ್ಟ ನೆನಪಿಗೆ ಬಂದಿರಲಿಲ್ಲ. ಮಾತಾಡಿದಾಗ ತಾನಾಗಿ ಬಂತು.

ಯಾವ ಭಾಗಕ್ಕೆ ಯಾವ ಕನ್ನಡ?

ಹಾಗಂತ ಐದೂ ನಿಮಿಷ ಮೂರನೆಯ ರೂಪದಲ್ಲೇ ಮಾತಾಡಬೇಕು ಅಂತಲ್ಲ. ಕಾರ್ಯಕ್ರಮಕ್ಕೆ ಅದರದೇ ಒಂದು ಶಿಸ್ತಿದೆ. ಧ್ವಜಾರೋಹಣ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ಮಾತು, ಅಧ್ಯಕ್ಷೀಯ ನುಡಿ, ವಂದನಾರ್ಪಣೆ ಎಂದು ಸಾಗುವ ಈ ಸರಣಿಯಲ್ಲಿ ಕೆಲವು ಕಡೆ ಜನ ಶಿಷ್ಟ ಕನ್ನಡವನ್ನೇ ನಿರೀಕ್ಷಿಸುತ್ತಾರೆ. ಅಲ್ಲಿ ಅದೇ ಇರಬೇಕು.

ವೇದಿಕೆ ಮೇಲಿನವರನ್ನು ಸಂಬೋಧಿಸುವ ಆರಂಭದ ಮಾತು ಅಂಥದ್ದು. ‘ಕಾರ್ಯಕ್ರಮದ ಅಧ್ಯಕ್ಷತೆ ವಹಿಸಿರುವ ಮಾನ್ಯರೇ, ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ’ ಅನ್ನುವುದರ ಅರ್ಥವನ್ನು ಯಾರೂ ಬಿಡಿಸಿ ನೋಡುವುದಿಲ್ಲ. ಅದು ಮರ್ಯಾದೆಯ ನಮಸ್ಕಾರ, ಸಭೆ ಶುರುವಾಯಿತು ಅನ್ನುವ ಸೂಚನೆ. ಹುದ್ದೆಗಳ ಹೆಸರು, ಪ್ರಶಸ್ತಿ ಪಡೆದವರ ಪರಿಚಯ, ಪ್ರತಿಜ್ಞಾ ವಿಧಿ, ಸಭೆ ಕೈಗೊಳ್ಳುವ ನಿರ್ಣಯ, ಅಧಿಕಾರಿಗೆ ಕೊಡುವ ಮನವಿ, ಶ್ರದ್ಧಾಂಜಲಿ ಇವೂ ಶಿಷ್ಟ ರೂಪದಲ್ಲೇ ಇದ್ದರೆ ಚೆಂದ. ನಿರ್ಣಯ, ಮನವಿಗಳಿಗೆ ಇನ್ನೊಂದು ಕಾರಣವೂ ಇದೆ: ಅವು ಮುಂದೆ ಕಾಗದದ ಮೇಲೆ ಉಳಿಯುತ್ತವೆ, ಆಗ ಯಾರು ಏನು ಒಪ್ಪಿಕೊಂಡರು ಅನ್ನೋದರಲ್ಲಿ ಗೊಂದಲ ಇರಬಾರದು.

1956ರ ನವೆಂಬರ್ 1ರಂದು ಕನ್ನಡ ಮಾತನಾಡುವ ಪ್ರದೇಶಗಳು ಒಂದಾದದ್ದು, 1973ರಲ್ಲಿ ‘ಕರ್ನಾಟಕ’ ಎಂಬ ಹೆಸರು ಬಂದದ್ದು, ಇಂಥ ಇತಿಹಾಸದ ಮಾತಿಗೆ ನಡುವಿನ ದಾರಿ ಒಳ್ಳೆಯದು. ಬಾಲ ಬರಹದ್ದು, ಪದ ಸರಳ. ಇದು ಎಲ್ಲರಿಗೂ ಸೇರಿದ ವಿಷಯ, ಮಕ್ಕಳು ಪಾಠದಲ್ಲಿ ಓದಿದ್ದು ಬರಹದ ಕನ್ನಡದಲ್ಲೇ.

ಇನ್ನು ಯಾರಿಂದಲಾದರೂ ಏನಾದರೂ ಆಗಬೇಕು ಅನ್ನುವ ಮಾತು, ಊರಿನ ಅನುಭವ, ಎಚ್ಚರಿಕೆ, ಹಳೆಯ ನೆನಪು, ನಗೆ ಚಟಾಕಿ, ಇವೆಲ್ಲಾ ಆಡುಮಾತಿನಲ್ಲಿ ಬಂದರೇನೇ ಮುಟ್ಟುವುದು. ಆರಿಸಿಕೊಳ್ಳಲು ಒಂದು ಸುಲಭದ ಪ್ರಶ್ನೆ ಇದೆ: ಈ ಮಾತು ಕೇಳಿದ ಮೇಲೆ ಎದ್ದು ಹೋಗಿ ಏನಾದರೂ ಮಾಡಬೇಕಾದವರು ಯಾರು? ಅಧಿಕಾರಿ ಮಾಡಬೇಕಾದ ಕೆಲಸವಾದರೆ, ಉದಾಹರಣೆಗೆ ಸೋರುವ ಕೊಠಡಿಯ ರಿಪೇರಿ, ಶಿಷ್ಟ ಮತ್ತು ಚಿಕ್ಕದಾಗಿ ಹೇಳಿ, ಕೈಯಲ್ಲಿ ಮನವಿ ಪತ್ರ ಕೊಡಿ. ತಾಯಂದಿರು ಮಾಡಬೇಕಾದ ಕೆಲಸವಾದರೆ ಅವರ ಮಾತಿನಲ್ಲೇ ಹೇಳಿ.

ಇದಕ್ಕೊಂದು ಮಿತಿಯೂ ಇದೆ. ಬೇರೆ ರಾಜ್ಯದಿಂದ ಬಂದು ಪುಸ್ತಕದಿಂದ ಕನ್ನಡ ಕಲಿತ ಅಧಿಕಾರಿ ವೇದಿಕೆ ಮೇಲಿದ್ದರೆ ಅವರಿಗೆ ‘ಆಗೇತಿ’, ‘ಬರಾಕ’, ‘ಅವಗ’ ಕಷ್ಟ. ‘ಆಗಿದೆ’, ‘ಬರುವುದಕ್ಕೆ’, ‘ಅವನಿಗೆ’ ಸುಲಭ. ಹಾಗೆಯೇ ಜಿಲ್ಲಾ ಮಟ್ಟದ ಸಭೆಯಲ್ಲಿ ಬೇರೆ ಬೇರೆ ತಾಲ್ಲೂಕಿನವರು, ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ನೌಕರರು ಕೂತಿರುತ್ತಾರೆ. ಅಲ್ಲಿ ಒಂದು ಹಳ್ಳಿಯ ಗಟ್ಟಿ ಆಡುಮಾತು ಇಡೀ ಭಾಷಣವನ್ನು ಹೊರಲಾರದು. ಅಂಥ ಕಡೆ ನಡುವಿನ ದಾರಿಯನ್ನೇ ಹೆಚ್ಚು ಬಳಸಿ, ಒಂದೆರಡು ಮಾತು ಮಾತ್ರ ಊರ ದನಿಯಲ್ಲಿ ಹೇಳಿದರೆ ಸಾಕು.

ದಾಟುವ ಜಾಗ ಕಾಣಬೇಕು

ಶಿಷ್ಟದಿಂದ ಆಡುಮಾತಿಗೆ ಬರುವಾಗ ಸದ್ದಿಲ್ಲದೆ ಜಾರಿದರೆ ಕೇಳುವವರಿಗೆ ‘ಇವರು ಬರೆದದ್ದನ್ನು ಮರೆತರು’ ಅನ್ನಿಸುತ್ತೆ. ಬೇಕೆಂದೇ ದಾಟಿದ್ದು ಅಂತ ಗೊತ್ತಾಗುವಂತೆ ಒಂದು ಸೇತುವೆಯ ಮಾತು ಇರಬೇಕು. ಎಸ್‌ಡಿಎಂಸಿ ಅಧ್ಯಕ್ಷರು ಇತಿಹಾಸದ ಮಾತು ಮುಗಿಸಿ, ಹಾಳೆ ಮಡಚಿ ಜೇಬಿಗಿಟ್ಟು, ‘ಇನ್ನ ನಮ್ಮ ಊರಿನ ಒಂದು ಮಾತು ಐತ್ರಿ’ ಅಂದರೆ ಸಾಕು. ಹಾಳೆ ಮಡಚಿದ್ದೇ ಅರ್ಧ ಸೂಚನೆ. ಹಿಂದಿನ ಸಾಲಿನವರು ಕತ್ತೆತ್ತುತ್ತಾರೆ. ಮತ್ತೆ ಶಿಷ್ಟಕ್ಕೆ ಮರಳುವಾಗ ‘ಕೊನೆಯದಾಗಿ’ ಎಂಬ ಒಂದು ಪದ ಆ ಕೆಲಸ ಮಾಡುತ್ತೆ.

ಐದು ನಿಮಿಷದಲ್ಲಿ ಹೀಗೆ ಎರಡು ಸಲ ದಾಟಬಹುದು: ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಅದಕ್ಕಿಂತ ಹೆಚ್ಚಾದರೆ ಕೇಳುವವರು ವಿಷಯ ಬಿಟ್ಟು ಭಾಷೆಯನ್ನೇ ಗಮನಿಸತೊಡಗುತ್ತಾರೆ.

ನಿಮ್ಮದಲ್ಲದ ಆಡುಮಾತು ಬೇಡ

ಎರಡು ಬಗೆಯ ನಾಟಕ ಸಭೆಯಲ್ಲಿ ಬೇಗ ಸಿಕ್ಕಿಬೀಳುತ್ತೆ. ಒಂದು, ಈ ಕಡೆಯವರು ವೇದಿಕೆ ಹತ್ತಿದ ಕೂಡಲೇ ಬೆಂಗಳೂರು-ಮೈಸೂರು ಕಡೆಯ ‘ಮಾಡ್ತಿದೀವಿ ಕಣ್ರೀ’, ‘ಹೋಗ್ಬಿಟ್ಟು’ ಅನ್ನಲು ಹೋಗುವುದು. ಸಿನಿಮಾ, ಧಾರಾವಾಹಿಗಳಲ್ಲಿ ಆ ಕಡೆಯ ಮಾತು ಮುಖ್ಯ ಪಾತ್ರಕ್ಕೂ ಈ ಕಡೆಯ ಮಾತು ತಮಾಷೆಯ ಪಾತ್ರಕ್ಕೂ ಹೆಚ್ಚಾಗಿ ಸಿಗುವುದರಿಂದ ಅದೇ ‘ಸ್ಟ್ಯಾಂಡರ್ಡ್’ ಎಂಬ ಭಾವನೆ ಬೆಳೆದಿದೆ. ಆದರೆ ಅದೂ ಒಂದು ಸೀಮೆಯ ಆಡುಮಾತೇ, ಶಿಷ್ಟ ಕನ್ನಡವಲ್ಲ. ಊರಿನವರ ಕಿವಿಗೆ ಅದು ‘ದೊಡ್ಡಸ್ತಿಕೆ’ ಆಗಿ ಕೇಳಿಸುತ್ತೆ. ಊರ ಮಾತು ಬೇಡವಾದರೆ ನೇರವಾಗಿ ಸರಳ ಬರಹದ ಕನ್ನಡಕ್ಕೆ ಹೋಗುವುದೇ ಲೇಸು.

ಇನ್ನೊಂದು, ಹೊರಗಿನಿಂದ ಬಂದ ಅತಿಥಿಗಳು ಜನರನ್ನು ಒಲಿಸಲು ‘ಏನ್ರೀಪಾ, ಹ್ಯಾಂಗದೀರಿ’ ಎಂದು ಶುರು ಮಾಡುವುದು. ಮೊದಲ ವಾಕ್ಯಕ್ಕೆ ಚಪ್ಪಾಳೆ ಬರುತ್ತೆ. ಎರಡನೆಯ ವಾಕ್ಯಕ್ಕೇ ಸರಕು ಮುಗಿದಿರುತ್ತೆ. ಬಾಯಿಗೆ ಬಾರದ ಮಾತನ್ನು ಒಂದು ನಮಸ್ಕಾರದಷ್ಟಕ್ಕೆ ಇಟ್ಟುಕೊಂಡು, ಮುಂದೆ ತಮ್ಮ ಮಾತಿನಲ್ಲೇ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಇದೇ ಮಾತು ಪುಸ್ತಕದ ಕಡೆಗೂ ಅನ್ವಯಿಸುತ್ತೆ. ನಾಲಿಗೆಗೆ ರೂಢಿಯಿಲ್ಲದ ಪದ ಎಳೆದು ತಂದರೆ ಅದು ಮೈಕಿನಲ್ಲಿ ಎಡವುತ್ತೆ. ಮನೆಯಲ್ಲಿ ‘ಸಾಲಿ’ ಅನ್ನುವ ಬಾಯಿ ವೇದಿಕೆಯಲ್ಲಿ ‘ಶಾಲೆ’ ಅನ್ನಬೇಕೆಂಬ ಎಚ್ಚರದಲ್ಲಿ ‘ಸಮಿತಿ’ಯನ್ನೂ ‘ಶಮಿತಿ’ ಮಾಡಿಬಿಡುವುದುಂಟು. ಮಹಾಪ್ರಾಣ ಒತ್ತಬೇಕೆಂಬ ಭಯದಲ್ಲಿ ಒತ್ತು ಇಲ್ಲದ ಕಡೆಯೂ ಒತ್ತು ಬೀಳುತ್ತೆ. ‘ಕೃತಜ್ಞತೆಗಳನ್ನು ಸಮರ್ಪಿಸುತ್ತೇನೆ’ ತಡವರಿಸುವುದಾದರೆ ‘ನೆನೆಯುತ್ತೇನೆ’, ‘ಅವರ ಉಪಕಾರ ದೊಡ್ಡದು’ ಅನ್ನಬಹುದು. ಮರ್ಯಾದೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಆಡುಮಾತಿನಲ್ಲೂ ಮರ್ಯಾದೆ ಇದೆ

ಆಡುಮಾತು ಅಂದರೆ ಸದರ ಅನ್ನುವ ತಿಳಿವಳಿಕೆ ಸರಿಯಲ್ಲ. ಈ ಕಡೆಯ ಮಾತಿನಲ್ಲಿ ‘-ರಿ’ ಒಂದೇ ಸಾಕು, ಇಡೀ ವಾಕ್ಯ ಗೌರವದ್ದಾಗುತ್ತೆ: ‘ಬರ್ರಿ’, ‘ಕೇಳ್ರಿ’, ‘ಹೌದ್ರಿ’. ತೊಂದರೆ ಆಗುವುದು ಬೇರೆ ಕಡೆ. ಓಘದಲ್ಲಿ ಮಾತಾಡುವಾಗ ಮನೆಯ ಏಕವಚನ ಹೊರಬೀಳುತ್ತೆ. ಮಗುವಿನ ಬಗ್ಗೆ ‘ಅವ ಬಂದಾನ’, ‘ಅಕಿ ಓದ್ಯಾಳ’ ಅಂದರೆ ಪ್ರೀತಿ. ಬಾಲ್ಯದ ಗೆಳೆಯನೇ ಆದರೂ ಅಂದು ವೇದಿಕೆ ಮೇಲೆ ಕೂತ ಪಂಚಾಯಿತಿ ಅಧ್ಯಕ್ಷರ ಬಗ್ಗೆ ‘ಅವ ಕೊಟ್ಟಾನ’ ಅಂದರೆ ಅವರ ಜೊತೆ ಬಂದವರ ಮುಖ ಗಂಟಾಗುತ್ತೆ. ‘ಅವರು ಕೊಟ್ಟಾರ’ ಅಂದರೆ ಊರ ಮಾತೂ ಉಳಿಯಿತು, ಮರ್ಯಾದೆಯೂ ಉಳಿಯಿತು. ಹೆಣ್ಣುಮಕ್ಕಳನ್ನು ಕುರಿತು ಮಾತಾಡುವಾಗ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಶಿಕ್ಷಕಿ ಚಿಕ್ಕ ವಯಸ್ಸಿನವರೇ ಇರಬಹುದು, ಸಭೆಯಲ್ಲಿ ಅವರು ‘ಟೀಚರ್ ಅವ್ರು’ ಅಥವಾ ‘ಅಕ್ಕೋರು’.

ಊರ ಮಾತು ದೊಡ್ಡ ವಿಷಯಕ್ಕೆ ಸಾಲದು ಅನ್ನುವವರಿಗೆ ಉತ್ತರ ಇದೇ ನೆಲದಲ್ಲಿದೆ. ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದ ಶರೀಫರು ತತ್ವ ಹೇಳಿದ್ದು ಈ ನೆಲದ ಆಡುಮಾತಿಗೆ ಹತ್ತಿರದ ಕನ್ನಡದಲ್ಲಿ. ಪಕ್ಕದ ಧಾರವಾಡದ ಬೇಂದ್ರೆಯವರು ತಮ್ಮ ಸೀಮೆಯ ಮಾತನ್ನೇ ಕಾವ್ಯಕ್ಕೆ ತಂದರು.

ಹಿಂದಿನ ರಾತ್ರಿಯ ಕೆಲಸ

ಬರೆದು ಆಮೇಲೆ ಆಡುಮಾತಿಗೆ ತಿರುಗಿಸಲು ಹೋದರೆ ಮೇಲೆ ಹೇಳಿದ ಎರಡನೆಯ ರೂಪವೇ ಸಿಗುತ್ತೆ. ಆದ್ದರಿಂದ ಕ್ರಮ ತಿರುವುಮುರುವಾಗಬೇಕು. ಮೊದಲು ಹೇಳಬೇಕಾದ ವಿಷಯವನ್ನು ಮನೆಯವರೊಬ್ಬರಿಗೆ ಎದುರು ಕೂತು ಹೇಳಿ, ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಕೇಳಿಕೊಂಡು, ಬಾಯಿಂದ ಬಂದ ಹಾಗೇ ಬರೆದುಕೊಳ್ಳಿ. ‘ಮನ್ಯಾಗ’ ಅಂದಿದ್ದರೆ ಹಾಳೆಯಲ್ಲೂ ‘ಮನ್ಯಾಗ’ ಅಂತಲೇ ಇರಲಿ. ‘ಮನೆಯಲ್ಲಿ’ ಎಂದು ಬರೆದರೆ ನಾಳೆ ಕಣ್ಣು ಅದನ್ನೇ ಓದುತ್ತೆ, ಬಾಯಿ ತೊಡರುತ್ತೆ.

ಶಿಷ್ಟವಾಗಿರಬೇಕಾದ ಭಾಗಗಳನ್ನು, ಅಂದರೆ ಸಂಬೋಧನೆ, ಹೆಸರು-ಹುದ್ದೆ, ಮನವಿ ಇವನ್ನು ಬೇರೆ ಹಾಳೆಯಲ್ಲಿ ಪೂರ್ತಿಯಾಗಿ ಬರೆಯಿರಿ. ಹೆಸರು, ಹುದ್ದೆಯನ್ನು ನಿರೂಪಕರ ಪಟ್ಟಿಯ ಜೊತೆ ಒಮ್ಮೆ ತಾಳೆ ನೋಡಿ.

ಆಮೇಲೆ ಒಂದೊಂದು ವಾಕ್ಯದ ಕೊನೆಯ ಪದಕ್ಕೆ ಮಾತ್ರ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಒಂದೇ ಪ್ಯಾರಾದಲ್ಲಿ ‘ಆಗಿದೆ’, ‘ಆಗೇತಿ’, ‘ಆಗಿರುತ್ತದೆ’ ಮೂರೂ ಕಂಡರೆ ಅದು ಕಲಸಿಹೋಗಿದೆ ಅಂತ ಅರ್ಥ. ಒಂದನ್ನು ಆರಿಸಿ ಉಳಿದವನ್ನು ತಿದ್ದಿ. ‘ಎಂದು’ ಮತ್ತು ‘ಅಂತ’ ಒಂದೇ ಪ್ಯಾರಾದಲ್ಲಿದ್ದರೂ ಅದೇ ಸೂಚನೆ. ‘ಲಾಗಿದೆ’ ಎಂದು ಮುಗಿಯುವ ಕಡೆಯೆಲ್ಲಾ ‘ಯಾರು?’ ಎಂದು ಕೇಳಿಕೊಳ್ಳಿ. ಉತ್ತರ ‘ನಾನು’ ಅಥವಾ ‘ನಾವು’ ಆಗಿದ್ದರೆ ಹಾಗೇ ಬರೆಯಿರಿ. ಕೊನೆಗೆ ಎದ್ದು ನಿಂತು ದನಿ ಎತ್ತಿ ಓದಿ. ಒಂದು ವಾಕ್ಯದ ಮಧ್ಯೆ ಉಸಿರು ತೆಗೆದುಕೊಳ್ಳಬೇಕಾಗಿ ಬಂದರೆ ಅಲ್ಲೇ ಅದನ್ನು ಎರಡು ಮಾಡಿ.

ಪತ್ರಿಕೆಯವರು ಭಾಷಣದ ಪ್ರತಿ ಕೇಳಿದರೆ ಊರ ಮಾತಿನ ಹಾಳೆಯನ್ನೇ ಕೊಡಬೇಕಿಲ್ಲ. ಮುಖ್ಯ ಮಾತನ್ನು ನಾಲ್ಕು ಸಾಲು ಬರಹದ ಕನ್ನಡದಲ್ಲಿ ಬರೆದು ಕೊಟ್ಟರೆ ವರದಿಯಲ್ಲಿ ತಪ್ಪು ಬರುವುದು ಕಡಿಮೆ.

ಭಾಷಣ ಮುಟ್ಟಿತೋ ಇಲ್ಲವೋ ಅನ್ನೋದನ್ನು ಚಪ್ಪಾಳೆಯಿಂದ ಅಳೆಯಬೇಡಿ, ಅದು ಮುಗಿದಿದ್ದಕ್ಕೂ ಬೀಳುತ್ತೆ. ಚಹಾ ಕೊಡುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ನಿಂತಿದ್ದ ಒಬ್ಬರನ್ನು ‘ನಾ ಏನ್ ಹೇಳಿದೆ, ಕೇಳಿಸ್ತನ್ರಿ?’ ಎಂದು ಮಾತಿಗೆಳೆಯಿರಿ. ‘ಭಾಳ ಚೊಲೋ ಮಾತಾಡಿದ್ರಿ’ ಅಂದರೆ ಕೇಳಿಸಿದ್ದು ದನಿ ಮಾತ್ರ. ‘ಹತ್ತಿ ಬಿಡಿಸಾಕ ಹುಡುಗ್ರನ್ನ ಕರಕೊಂಡು ಹೋಗಬ್ಯಾಡ್ರಿ ಅಂದ್ರಿ. ಆದ್ರ ಆಳಿಗೆ ಏನ್ ಮಾಡೂದ್ರಿ?’ ಎಂದು ತಿರುಗಿ ಕೇಳಿದರೆ ಮಾತು ಮುಟ್ಟಿದೆ. ಆ ಪ್ರಶ್ನೆಗೆ ಉತ್ತರ ಹುಡುಕುವುದು ಭಾಷಣದ ನಂತರದ ಕೆಲಸ.